ಕೇಳಿದಂತೆ ಬರೆದ ಹಾಡು: ರೋಮನ್ ಅಕ್ಷರಗಳಲ್ಲಿ ಅನ್ಯಭಾಷೆಯ ಗೀತೆಯನ್ನು ಗುರುತಿಸುವ ವಿಧಾನಗಳ ಚರಿತ್ರೆ

ಸಾರಾಂಶ

ತನಗೆ ತಿಳಿಯದ ಭಾಷೆಯ ಹಾಡೊಂದನ್ನು ಕೇಳಿದವನು ಅದರ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಿ ಹಾಡು ಯಾವುದೆಂದು ಹುಡುಕುತ್ತಾನೆ. ಅವನು ಬರೆದ ರೂಪಕ್ಕೂ ಹಾಡಿನ ದಾಖಲಾದ ಪಠ್ಯಕ್ಕೂ ಒಂದು ಪದವೂ ಹೊಂದದಿರುವುದು ಸಾಮಾನ್ಯ. ಈ ಅಂತರವನ್ನು ದಾಟಲು ಬಳಕೆಗೆ ಬಂದ ವಿಧಾನಗಳ ಚರಿತ್ರೆಯನ್ನು, ಭಾರತೀಯ ಭಾಷೆಗಳ ಹಾಡುಗಳಿಗೆ ಸೀಮಿತಗೊಳಿಸಿ, ಈ ಲೇಖನದಲ್ಲಿ ಪರಿಶೀಲಿಸಿದ್ದೇವೆ. ಲಿಪ್ಯಂತರ ಪದ್ಧತಿಗಳು ಲಿಪಿಯನ್ನು ಆಧರಿಸಿ ಬೆಳೆದವು; ಹುಡುಕುವವನು ಕಿವಿಯನ್ನು ಆಧರಿಸುತ್ತಾನೆ. ಹಾಡನ್ನು ಗುರುತಿಸಬೇಕಾದರೆ ಹಾಡಿನ ಭಾಷೆಯಷ್ಟೇ ಕೇಳುಗನ ಭಾಷೆಯನ್ನೂ ತಿಳಿಯಬೇಕು ಎಂಬುದು ನಮ್ಮ ವಾದ.

ಪ್ರಮುಖ ಪದಗಳು: ಲಿಪ್ಯಂತರ, ಧ್ವನಿಮಾ ಗ್ರಹಿಕೆ, ದ್ವಿತ್ವ, ಪದವಿಭಜನೆ, ಹಾಡಿನ ಪಠ್ಯ, ಸೌಂಡೆಕ್ಸ್

1. ಪೀಠಿಕೆ

ಭಾಷೆ ಬಲ್ಲವನು ಅದನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದಕ್ಕೂ, ಭಾಷೆ ಅರಿಯದವನು ಕೇಳಿದ್ದನ್ನು ಅದೇ ಅಕ್ಷರಗಳಲ್ಲಿ ಬರೆಯುವುದಕ್ಕೂ ಮೂಲಭೂತ ವ್ಯತ್ಯಾಸವಿದೆ. ಮೊದಲನೆಯವನ ಬರಹದ ಹಿಂದೆ ಪದದ ಅರಿವು ಇರುತ್ತದೆ. ಕನ್ನಡಿಗನೊಬ್ಬನು `halu` ಎಂದು ಬರೆದರೂ ಅವನ ಮನಸ್ಸಿನಲ್ಲಿರುವುದು ‘ಹಾಲು’. ದೀರ್ಘವು ಬರಹದಲ್ಲಿ ಬಿಟ್ಟುಹೋಗಿದೆಯೇ ಹೊರತು ಅರಿವಿನಲ್ಲಿ ಅಲ್ಲ. ಎರಡನೆಯವನಿಗೆ ಪದವೇ ಇಲ್ಲ, ನಾದವಷ್ಟೇ ಇದೆ. ಪದ ಎಲ್ಲಿ ಮುಗಿಯಿತು, ಎಲ್ಲಿ ಆರಂಭವಾಯಿತು ಎಂಬುದೂ ಅವನಿಗೆ ಊಹೆ.

ಈ ಎರಡೂ ಬಗೆಯ ಬರಹಗಳನ್ನು ‘ಕಾಗುಣಿತದ ವ್ಯತ್ಯಯ’ ಎಂಬ ಒಂದೇ ಹೆಸರಿನಡಿ ಸೇರಿಸುವ ರೂಢಿಯಿದೆ. ಹಾಗೆ ಸೇರಿಸಿದ್ದರಿಂದ ಎರಡನೆಯದು ಎಷ್ಟರಮಟ್ಟಿಗೆ ಕಣ್ಮರೆಯಾಯಿತೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಪದಗಳ ಮಟ್ಟದ ನಿದರ್ಶನಗಳನ್ನು ಹಿಂದಿ, ಬಂಗಾಳಿ, ತಮಿಳುಗಳಿಂದ ತೆಗೆದುಕೊಂಡಿದ್ದೇವೆ. ಸಾಲಿನ ಮಟ್ಟದ ವಿಶ್ಲೇಷಣೆಗೆ ಕನ್ನಡದ ಒಂದು ಸಾಲನ್ನು ನಾವೇ ರಚಿಸಿಕೊಂಡಿದ್ದೇವೆ; ಅದು ಯಾವ ಹಾಡಿನಿಂದಲೂ ಆಯ್ದುದಲ್ಲ.

2. ಲಿಪಿಯಿಂದ ಲಿಪಿಗೆ

ಭಾರತೀಯ ಪದಗಳನ್ನು ರೋಮನ್ ಅಕ್ಷರಗಳಲ್ಲಿ ವ್ಯವಸ್ಥಿತವಾಗಿ ಬರೆಯುವ ಪ್ರಯತ್ನಗಳ ಚರಿತ್ರೆಯನ್ನು ಸಾಮಾನ್ಯವಾಗಿ ವಿಲಿಯಂ ಜೋನ್ಸ್ ಅವರಿಂದ ಆರಂಭಿಸಲಾಗುತ್ತದೆ. ಏಷ್ಯಾದ ಪದಗಳ ರೋಮನ್ ಬರವಣಿಗೆಯನ್ನು ಕುರಿತ ಅವರ ಪ್ರಬಂಧವು ‘ಏಷಿಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲಿ 1788ರಲ್ಲಿ ಪ್ರಕಟವಾಯಿತು. ಅಲ್ಲಿಂದ 1894ರ ಜಿನೀವಾ ಪ್ರಾಚ್ಯವಿದ್ಯಾ ಸಮ್ಮೇಳನದ ಪದ್ಧತಿಯವರೆಗೆ, ಮುಂದೆ 2001ರ ಐಎಸ್ಒ 15919 ಮಾನಕದವರೆಗೆ ಒಂದೇ ತತ್ತ್ವ ಮುಂದುವರಿಯಿತು: ಮೂಲ ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಒಂದು ನಿಶ್ಚಿತ ರೋಮನ್ ಸಂಕೇತ. ಈ ಪದ್ಧತಿಗಳಲ್ಲಿ ಬರೆದದ್ದನ್ನು ಮರಳಿ ಮೂಲ ಲಿಪಿಗೆ ತರಬಹುದು. ಆದರೆ ಬರೆಯುವವನಿಗೆ ಮೂಲ ಲಿಪಿಯ ರೂಪ ಮೊದಲೇ ತಿಳಿದಿರಬೇಕು.

ಹಾಡುಗಳ ಪಠ್ಯಗಳು ಗಣಕಯಂತ್ರಕ್ಕೆ ಬಂದ ಕಾಲದಲ್ಲಿ ಈ ತತ್ತ್ವವೇ ಹೊಸ ವೇಷದಲ್ಲಿ ಬಂದಿತು. ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕೆ ಹಾಕಲು ಆಸ್ಕಿ ಸಂಕೇತಗಳಲ್ಲಿ ಅವಕಾಶವಿರಲಿಲ್ಲ. ಆದ್ದರಿಂದ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ಭೇದವನ್ನೇ ಧ್ವನಿಭೇದಕ್ಕೆ ಬಳಸಿಕೊಳ್ಳಲಾಯಿತು. ಹಾರ್ವರ್ಡ್-ಕ್ಯೋಟೋ ಪದ್ಧತಿಯಲ್ಲಿ `t` ದಂತ್ಯ, `T` ಮೂರ್ಧನ್ಯ. ಅವಿನಾಶ್ ಚೋಪಡೆ ಅವರು 1991ರಲ್ಲಿ ಹೊರತಂದ ಐಟ್ರಾನ್ಸ್ ಕೂಡ ಇದನ್ನೇ ಅನುಸರಿಸಿತು. ಯೂಸ್‌ನೆಟ್‌ನ `rec.music.indian.misc` ಗುಂಪಿನ ಉತ್ಸಾಹಿಗಳು ಹಿಂದಿ ಚಲನಚಿತ್ರಗೀತೆಗಳ ಪಠ್ಯಗಳನ್ನು ಐಟ್ರಾನ್ಸ್‌ನಲ್ಲಿ ಸಂಗ್ರಹಿಸಿದರು. ಅದು ‘ಐಟ್ರಾನ್ಸ್ ಸಾಂಗ್ ಬುಕ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ದೇವನಾಗರಿಯಲ್ಲಿ ಅಂದವಾಗಿ ಮುದ್ರಿಸಬಲ್ಲ ಪಠ್ಯವನ್ನು ಸಿದ್ಧಪಡಿಸುವುದು ಅದರ ಗುರಿಯಾಗಿತ್ತು. ಆ ಗುರಿಯನ್ನು ಅದು ಸಾಧಿಸಿತು.

ಹುಡುಕಾಟದ ದೃಷ್ಟಿಯಿಂದ ಎರಡು ತೊಡಕುಗಳು ಉಳಿದವು. ಹುಡುಕು ವ್ಯವಸ್ಥೆಗಳು ಸಾಮಾನ್ಯವಾಗಿ ಎಲ್ಲ ಅಕ್ಷರಗಳನ್ನೂ ಸಣ್ಣ ಅಕ್ಷರಗಳಿಗೆ ಇಳಿಸುತ್ತವೆ. ಆಗ `T` ಮತ್ತು `t` ಒಂದಾಗಿ ಪದ್ಧತಿಯ ಮುಖ್ಯ ಭೇದವೇ ಅಳಿಯುತ್ತದೆ. ಎರಡನೆಯದು ಅನುಸ್ವಾರದ ಚುಕ್ಕೆ. ಹಿಂದಿಯಲ್ಲಿ ‘ಒಳಗೆ’ ಎಂಬರ್ಥದ ಪದವನ್ನು ಸಾಂಗ್ ಬುಕ್ `me.n` ಎಂದೂ, ‘ನಾನು’ ಎಂಬರ್ಥದ ಪದವನ್ನು `mai.n` ಎಂದೂ ಬರೆಯುತ್ತದೆ. ವಿರಾಮಚಿಹ್ನೆ ಕಂಡಲ್ಲಿ ಪದವನ್ನು ಒಡೆಯುವ ಸೂಚಿಯು `me` ಮತ್ತು `n` ಎಂಬ ಎರಡು ಚೂರುಗಳನ್ನು ದಾಖಲಿಸುತ್ತದೆ. ಹುಡುಕುವವನಾದರೋ ಎರಡೂ ಪದಗಳಿಗೆ `mein` ಎಂದೇ ಬರೆದಿರುತ್ತಾನೆ. ಪಠ್ಯ ಶುದ್ಧವಾಗಿದೆ, ಹುಡುಕುವವನ ಕಿವಿಯೂ ತಕ್ಕಮಟ್ಟಿಗೆ ಸರಿಯಾಗಿದೆ. ಆದರೂ ಇಬ್ಬರ ಭೇಟಿ ಆಗುವುದಿಲ್ಲ.

ಕನ್ನಡದ ಸಂದರ್ಭದಲ್ಲಿ 1998ರಲ್ಲಿ ಬಂದ ‘ಬರಹ’ ತಂತ್ರಾಂಶದ ರೋಮನ್ ಪದ್ಧತಿ ಹೆಚ್ಚು ಪರಿಚಿತ. ಹಿಂದಿಗೆ ಬೇಕಿಲ್ಲದ ಒಂದು ಭೇದವನ್ನು ಅದು ಕಾಣಿಸಬೇಕಾಯಿತು: ಎ-ಏ, ಒ-ಓ. `e` ಹ್ರಸ್ವ, `E` ದೀರ್ಘ. ಇದು ಅಲ್ಪ ವಿಷಯವೆಂದು ತೋರಬಹುದು. ಆದರೆ ಈ ಭೇದವಿಲ್ಲದ ಭಾಷೆಯ ಕೇಳುಗನು ಕನ್ನಡ ಹಾಡನ್ನು ಬರೆಯುವಾಗ ಇದೇ ಮೊದಲು ಬಿದ್ದುಹೋಗುವ ಭೇದ.

3. ಕಿವಿಯಿಂದ ಕೀಲಿಮಣೆಗೆ

ಕೇಳಿದ ಹಾಡು ಬೆರಳಚ್ಚಿಗೆ ಬರುವ ಮುನ್ನ ಮೂರು ಜರಡಿಗಳನ್ನು ದಾಟುತ್ತದೆ. ಮೊದಲನೆಯದು ಕೇಳುಗನ ಮಾತೃಭಾಷೆ. ಅನ್ಯಭಾಷೆಯ ಧ್ವನಿಗಳನ್ನು ನಾವು ನಮ್ಮ ಭಾಷೆಯ ಧ್ವನಿಮಾ ವ್ಯವಸ್ಥೆಯೆಂಬ ಜರಡಿಯ ಮೂಲಕವೇ ಕೇಳುತ್ತೇವೆ ಎಂಬ ವಿಚಾರವನ್ನು ಟ್ರುಬೆಟ್ಸ್‌ಕೋಯ್ ಅವರು 1939ರಲ್ಲಿ ಪ್ರಕಟವಾದ ತಮ್ಮ ಧ್ವನಿಮಾಶಾಸ್ತ್ರದ ಗ್ರಂಥದಲ್ಲಿ ಮಂಡಿಸಿದರು. ತಮಿಳಿನಲ್ಲಿ ಮಳೆಗೆ `mazhai`, ಬೆಟ್ಟಕ್ಕೆ `malai`. ಮೊದಲ ಪದದ ‘ೞ’ಕಾರ ಇಂದಿನ ಕನ್ನಡದಲ್ಲಿ ಇಲ್ಲ. ಕನ್ನಡಿಗ ಕೇಳುಗನು ಅದನ್ನು ‘ಳ’ ಎಂದು ಗ್ರಹಿಸುತ್ತಾನೆ, ರೋಮನ್ ಅಕ್ಷರದಲ್ಲಿ `l` ಎಂದು ಬರೆಯುತ್ತಾನೆ. ಮಳೆಯ ಹಾಡನ್ನು ಹುಡುಕಿದವನಿಗೆ ಬೆಟ್ಟದ ಹಾಡು ಸಿಗುವುದು ಹೀಗೆ.

ಎರಡನೆಯ ಜರಡಿ ಪ್ರಾದೇಶಿಕ ಬರವಣಿಗೆಯ ರೂಢಿ. ದಕ್ಷಿಣದಲ್ಲಿ `t` ಮೂರ್ಧನ್ಯಕ್ಕೆ, `th` ದಂತ್ಯಕ್ಕೆ ಬಳಕೆಯಾಗುತ್ತದೆ. ಉತ್ತರದಲ್ಲಿ `th` ಮಹಾಪ್ರಾಣಕ್ಕೆ ಮೀಸಲು, `t` ದಂತ್ಯ-ಮೂರ್ಧನ್ಯ ಎರಡಕ್ಕೂ ಸಾಮಾನ್ಯ. ಒಂದೇ ಹೆಸರು ಇಲ್ಲಿ `Latha`, ಅಲ್ಲಿ `Lata` ಆಗುವುದು ಈ ಕಾರಣದಿಂದ. ಆದ್ದರಿಂದ `patti` ಎಂಬ ಬರಹ ದಕ್ಷಿಣದವನದಾದರೆ ‘ಪಟ್ಟಿ’ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಉತ್ತರದವನದಾದರೆ ‘ಪಟ್ಟಿ’, ‘ಪತ್ತಿ’ ಎರಡೂ ಸಾಧ್ಯ. ಅಕ್ಷರ ಅದೇ, ಬರೆದವನು ಬೇರೆ, ಅರ್ಥವ್ಯಾಪ್ತಿಯೂ ಬೇರೆ.

ಮೂರನೆಯದು ಬೆರಳಚ್ಚಿನ ಮಿತವ್ಯಯ. ದೀರ್ಘಸ್ವರಕ್ಕೆ ಎರಡು ಅಕ್ಷರ, ದ್ವಿತ್ವಕ್ಕೆ ಎರಡು ಅಕ್ಷರ ಒತ್ತುವ ಶ್ರಮವನ್ನು ಬರೆಯುವವನು ಉಳಿಸುತ್ತಾನೆ. ಈ ಜರಡಿಯಲ್ಲಿ ಬಿದ್ದುಹೋದದ್ದು ಕೇಳುಗನಿಗೆ ಕೇಳಿಸಿರಲೂಬಹುದು. ಬರಹವೊಂದರಿಂದಲೇ ಅದನ್ನು ತಿಳಿಯಲಾಗದು.

ಬಂಗಾಳಿ ಹಾಡುಗಳಲ್ಲಿ ಲಿಪಿ-ಕಿವಿಗಳ ಈ ವಿರೋಧ ಹೆಚ್ಚು ಸ್ಪಷ್ಟ. ಅಲ್ಲಿ ‘ಲಕ್ಷ್ಮೀ’ ಎಂದು ಬರೆದದ್ದನ್ನು ‘ಲೊಕ್ಖಿ’ ಎಂಬಂತೆ ಉಚ್ಚರಿಸುತ್ತಾರೆ. ಲಿಪಿಯನ್ನು ಅನುಸರಿಸಿದ ಪಠ್ಯದಲ್ಲಿ `lakshmi` ಇರುತ್ತದೆ. ಬಂಗಾಳಿ ಅರಿಯದ ಕನ್ನಡಿಗ ಕೇಳುಗನು `lokki` ಎಂದು ಬರೆಯುತ್ತಾನೆ. ತನ್ನ ಭಾಷೆಯಲ್ಲೂ ಇರುವ, ತಾನು ದಿನನಿತ್ಯ ಬಳಸುವ ಪದವನ್ನೇ ಹುಡುಕುತ್ತಿದ್ದೇನೆ ಎಂಬುದು ಅವನಿಗೆ ತಿಳಿಯುವುದಿಲ್ಲ. ಅವನ ತಪ್ಪು ಇಲ್ಲಿ ಏನೂ ಇಲ್ಲ. ಅವನು ನಾದಕ್ಕೆ ನಿಷ್ಠನಾಗಿದ್ದಾನೆ, ಪಠ್ಯ ಲಿಪಿಗೆ ನಿಷ್ಠವಾಗಿದೆ.

4. ಒಂದು ಸಾಲಿನ ವಿಶ್ಲೇಷಣೆ

ನಾವು ರಚಿಸಿಕೊಂಡ ಸಾಲು ಇದು: ‘ಬೆಳ್ಳಿ ಬಟ್ಟಲಲ್ಲಿ ಹಾಲು ತಂದೆನಮ್ಮ’. ಇದು ಮೂರು ರೂಪಗಳಲ್ಲಿ ಎದುರಾಗುತ್ತದೆಂದು ಭಾವಿಸೋಣ. ಮೊದಲನೆಯದು ‘ಬರಹ’ ಪದ್ಧತಿಯದು, ಎರಡನೆಯದು ಕನ್ನಡಿಗನು ರೂಢಿಯಂತೆ ಬರೆದ ದಾಖಲೆ, ಮೂರನೆಯದು ಕನ್ನಡ ಅರಿಯದ ಹಿಂದಿ ಕೇಳುಗನು ಬರೆಯಬಹುದಾದ ರೂಪ.

```
beLLi baTTalalli hAlu taMdenamma
belli battalalli haalu thandenamma
beli batlali haloo tande nama
```

ಎರಡನೆಯ ಮತ್ತು ಮೂರನೆಯ ಸಾಲುಗಳನ್ನು ಪದಪದವಾಗಿ ಹೋಲಿಸಿದರೆ ಸಮಾನವಾದ ಪದ ಒಂದೂ ಇಲ್ಲ. ಆದರೆ ಪ್ರತಿಯೊಂದು ವ್ಯತ್ಯಾಸಕ್ಕೂ ಕಾರಣ ಹೇಳಬಹುದು. ಮಾನಕ ಹಿಂದಿಯಲ್ಲಿ ಳಕಾರವಿಲ್ಲ, ಎ-ಏ ಭೇದವೂ ಇಲ್ಲ, ಆದ್ದರಿಂದ `beli`. ಪದಮಧ್ಯದ ಅಕಾರವನ್ನು ಲೋಪಿಸುವುದು ಹಿಂದಿಯ ಸಹಜ ನಿಯಮ. ‘ಬಟ್ಟಲಲ್ಲಿ’ ಎಂಬುದು `batlali` ಆದದ್ದು ಅದರಿಂದ. ಕೊನೆಯ ಉಕಾರಕ್ಕೆ `oo` ಬಂದದ್ದು ಇಂಗ್ಲಿಷ್ ಕಾಗುಣಿತದ ಪ್ರಭಾವ.

ಕೊನೆಯ ಪದವು ಹೆಚ್ಚಿನ ಗಮನಕ್ಕೆ ಅರ್ಹ. ‘ತಂದೆನು’ ಮತ್ತು ‘ಅಮ್ಮ’ ಸೇರಿ ‘ತಂದೆನಮ್ಮ’ ಆಗಿದೆ. ಕೇಳುಗನು ಅದನ್ನು `tande nama` ಎಂದು ಒಡೆದಿದ್ದಾನೆ. ಹಾಡಿನಲ್ಲಿ ಪದದ ಗಡಿಗಿಂತ ತಾಳದ ಗಡಿ ಹೆಚ್ಚು ಸ್ಪಷ್ಟವಾಗಿ ಕೇಳಿಸುವುದರಿಂದ ಇಂಥ ವಿಭಜನೆ ಅನಿರೀಕ್ಷಿತವಲ್ಲ. ಅಪಾಯವಿರುವುದು ಬೇರೆಡೆ. `tande` ಎಂಬುದು ‘ತಂದೆ’ ಎಂಬ ಸಾಧುಪದ, `nama` ‘ನಮ್ಮ’ಕ್ಕೆ ಸಮೀಪ. ನಿಘಂಟಿನ ಸಹಾಯದಿಂದ ತಿದ್ದಲು ಹೊರಟರೆ ನಿಘಂಟೇ ತಪ್ಪನ್ನು ಸಮರ್ಥಿಸುತ್ತದೆ. ಹಾಲು ತಂದವಳ ಸಾಲಿನಲ್ಲಿ ಅಪ್ಪನು ಬಂದು ನಿಲ್ಲುತ್ತಾನೆ.

ಇದಕ್ಕೆ ಲಭ್ಯವಿದ್ದ ಹಳೆಯ ಸಾಧನ ಸೌಂಡೆಕ್ಸ್. ರಾಬರ್ಟ್ ರಸೆಲ್ ಅವರಿಗೆ 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತ ಈ ವಿಧಾನ, ಒಂದೇ ರೀತಿ ಕೇಳಿಸುವ ಕುಲನಾಮಗಳನ್ನು ಒಟ್ಟುಗೂಡಿಸಲು ಹುಟ್ಟಿದ್ದು. ಮುಂದೆ ರೂಢಿಗೆ ಬಂದ ರೂಪದಲ್ಲಿ ಪದದ ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನೂ `h`, `w`, `y`ಗಳನ್ನೂ ಬಿಟ್ಟು, ಉಳಿದ ವ್ಯಂಜನಗಳನ್ನು ಆರು ಅಂಕಿಗಳಿಗೆ ಇಳಿಸಿ, ಒಟ್ಟು ನಾಲ್ಕು ಸಂಕೇತಗಳನ್ನು ಇಟ್ಟುಕೊಳ್ಳಲಾಗುತ್ತದೆ. ನಮ್ಮ ಸಾಲಿಗೆ ಅನ್ವಯಿಸಿದಾಗ ಫಲಿತಾಂಶ ಹೀಗಿದೆ.

```
belli B400   battalalli B344   haalu H400   thandenamma T535
beli  B400   batlali    B344   haloo H400   tande T530, nama N500
```

ಮೊದಲ ಮೂರು ಪದಗಳು ಕೂಡಿಬಂದವು. `th`-`t` ಭೇದವೂ ದ್ವಿತ್ವವೂ ಸೌಂಡೆಕ್ಸ್‌ಗೆ ತೊಡಕಾಗಲಿಲ್ಲ. ವಿಭಜನೆ ತಪ್ಪಿದಲ್ಲಿ ಮಾತ್ರ ಅದು ಸೋತಿತು, ಏಕೆಂದರೆ ಪದದ ಗಡಿ ಸರಿಯಾಗಿದೆ ಎಂಬುದೇ ಅದರ ಮೂಲ ಕಲ್ಪನೆ. ಇನ್ನೊಂದು ಮಿತಿ ಗೆದ್ದಲ್ಲಿಯೇ ಇದೆ. `H400` ಎಂಬ ಸಂಕೇತದಲ್ಲಿ ಹಾಲು ಮಾತ್ರವಲ್ಲ, ಹಲ್ಲು, ಹುಲಿ, ಹೊಳೆ, ಹಳ್ಳಿ ಎಲ್ಲವೂ ಅಡಗಿವೆ. ಸ್ವರವನ್ನು ಕೈಬಿಡುವುದು ಇಂಗ್ಲಿಷ್ ಕುಲನಾಮಗಳಿಗೆ ಸಹ್ಯವಾಗಿದ್ದಿರಬಹುದು. ಕನ್ನಡದಂಥ ಭಾಷೆಯಲ್ಲಿ ಅದರಿಂದ ಅರ್ಥದ ಬಹುಪಾಲು ಹೋಗುತ್ತದೆ.

ಪದವನ್ನೇ ಬಿಟ್ಟು ಅಕ್ಷರಸರಣಿಯನ್ನು ಹಿಡಿಯುವುದು ಇನ್ನೊಂದು ಮಾರ್ಗ. ಪದಗಳ ನಡುವಿನ ತೆರಪನ್ನು ತೆಗೆದು, ಸಾಲನ್ನು ಮೂರು ಮೂರು ಅಕ್ಷರಗಳ ಒಂದನ್ನೊಂದು ಮೇಲೇರಿದ ತುಣುಕುಗಳಾಗಿ ಮಾಡಿ, ಎರಡು ಸಾಲುಗಳಲ್ಲಿ ಸಮಾನವಾದ ತುಣುಕುಗಳೆಷ್ಟು ಎಂದು ಎಣಿಸುತ್ತೇವೆ. ಸಮಾನ ತುಣುಕುಗಳ ಇಮ್ಮಡಿಯನ್ನು ಎರಡೂ ಸಾಲುಗಳ ಒಟ್ಟು ತುಣುಕುಗಳಿಂದ ಭಾಗಿಸಿದರೆ ಸಾಮ್ಯದ ಅಳತೆ ದೊರೆಯುತ್ತದೆ. ಇದ್ದದ್ದನ್ನು ಇದ್ದಂತೆ ಹೋಲಿಸಿದಾಗ ದಾಖಲೆಯಲ್ಲಿ 29, ಹುಡುಕಿದ ರೂಪದಲ್ಲಿ 23 ತುಣುಕುಗಳು, ಸಮಾನವಾದವು 12, ಸಾಮ್ಯ ಸುಮಾರು 0.46. ಪದಹೋಲಿಕೆಯಲ್ಲಿ ಶೂನ್ಯವಾಗಿದ್ದುದು ಇಲ್ಲಿ ಅರ್ಧದ ಹತ್ತಿರ ಬಂದಿದೆ.

ಈಗ ಮೂರು ಜರಡಿಗಳಲ್ಲಿ ಬಿದ್ದುಹೋಗುವ ಭೇದಗಳನ್ನು ಎರಡೂ ಕಡೆ ನಾವೇ ತೆಗೆದುಬಿಡೋಣ: `th` ಅನ್ನು `t` ಎಂದೂ, `aa` ಅನ್ನು `a` ಎಂದೂ, `oo` ಅನ್ನು `u` ಎಂದೂ, ಇಮ್ಮಡಿಸಿದ ವ್ಯಂಜನವನ್ನು ಒಂಟಿಯಾಗಿಯೂ ಮಾಡಿದರೆ ದೊರೆಯುವುದು ಇದು.

```
belibatalalihalutandenama
belibatlalihalutandenama
```

ತುಣುಕುಗಳು ಕ್ರಮವಾಗಿ 23 ಮತ್ತು 22, ಸಮಾನವಾದವು 20, ಸಾಮ್ಯ ಸುಮಾರು 0.89. ಉಳಿದ ಅಂತರವೆಲ್ಲ ಲೋಪವಾದ ಆ ಒಂದು ಅಕಾರದಿಂದ ಬಂದದ್ದು. ತಪ್ಪಾಗಿ ಒಡೆದ ‘ತಂದೆನಮ್ಮ’ ತಾನಾಗಿಯೇ ಕೂಡಿಕೊಂಡಿದೆ. ‘ಬರಹ’ ಪದ್ಧತಿಯ ಮೊದಲ ರೂಪವೂ, `M` ಅನ್ನು `n` ಎಂದು ಓದಿ ಎಲ್ಲವನ್ನೂ ಸಣ್ಣ ಅಕ್ಷರಕ್ಕೆ ಇಳಿಸಿದಾಗ, ಇದೇ 25 ಅಕ್ಷರಗಳ ಸರಣಿಯಾಗುತ್ತದೆ.

ಈ ಗೆಲುವಿನ ಬೆಲೆಯನ್ನೂ ಗಮನಿಸಬೇಕು. ಭೇದಗಳನ್ನು ಅಳಿಸಿದ ಮೇಲೆ ‘ಹಾಲು’ ಮತ್ತು ‘ಹಲ್ಲು’ ಒಂದೇ. ‘ಬೆಳ್ಳಿ’ ಮತ್ತು ‘ಬೇಲಿ’ ಒಂದೇ. ಇಪ್ಪತ್ತೈದು ಅಕ್ಷರಗಳ ಸಾಲಿನಲ್ಲಿ ಇದು ಬಾಧಕವಲ್ಲ, ಏಕೆಂದರೆ ನೆರೆಯ ತುಣುಕುಗಳು ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಹುಡುಕುವವನಿಗೆ ಒಂದೆರಡು ಪದಗಳಷ್ಟೇ ನೆನಪಿದ್ದರೆ ವಿಧಾನ ಕುಸಿಯುತ್ತದೆ. ಬಹಳ ಹಾಡುಗಳು ಒಂದೇ ಸಾಮ್ಯಾಂಕದೊಡನೆ ಮುಂದೆ ಬಂದು ನಿಲ್ಲುವುದೇ ಅದರ ಕುರುಹು. ಆದ್ದರಿಂದ ಭೇದ ಅಳಿಸಿದ ರೂಪದಿಂದ ಅಭ್ಯರ್ಥಿಗಳನ್ನು ಆರಿಸಿ, ಅಳಿಸದ ರೂಪದಿಂದ ಅವುಗಳಿಗೆ ಶ್ರೇಣಿ ಕೊಡುವ ಎರಡು ಹಂತಗಳ ಕ್ರಮವೇ ಯುಕ್ತವಾದುದು.

5. ಯಾರ ಬರಹವನ್ನು ಮಾದರಿಯಾಗಿ ಹಿಡಿಯುವುದು?

ರೋಮನ್ ಲಿಪಿಯ ಹುಡುಕಾಟವನ್ನು ಸ್ವತಂತ್ರ ಸಮಸ್ಯೆಯಾಗಿ ಕಂಡ ಪ್ರಯತ್ನಗಳಲ್ಲಿ 2013ರ ‘ಫೈರ್’ ವೇದಿಕೆಯ ಲಿಪ್ಯಂತರಿತ ಹುಡುಕಾಟದ ಸ್ಪರ್ಧಾಕಾರ್ಯ ಮುಖ್ಯವಾದುದು. ರೋಮನ್ ಅಕ್ಷರಗಳ ಹುಡುಕುಸಾಲಿಗೆ ದೇವನಾಗರಿ ಮತ್ತು ರೋಮನ್ ಎರಡೂ ಲಿಪಿಗಳಲ್ಲಿರುವ ಹಿಂದಿ ಹಾಡಿನ ಪಠ್ಯಗಳನ್ನು ಹೊಂದಿಸುವುದು ಅದರ ಒಂದು ಭಾಗವಾಗಿತ್ತು. ಮರುವರ್ಷ ಗುಪ್ತ, ಬಾಲಿ, ಬಾಂಕ್ಸ್, ಚೌಧುರಿ ಮತ್ತು ರೊಸ್ಸೊ ಅವರು, ನಿಯಮಗಳನ್ನು ಕೈಯಿಂದ ಬರೆಯುವ ಬದಲು, ಅಕ್ಷರತುಣುಕುಗಳ ಆಧಾರದಿಂದ ಎರಡೂ ಲಿಪಿಗಳ ರೂಪಾಂತರಗಳನ್ನು ಒಂದೇ ಅವಕಾಶದಲ್ಲಿ ಹತ್ತಿರ ತರುವ ಕಲಿಕೆಯ ಮಾದರಿಯನ್ನು ಪ್ರಕಟಿಸಿದರು. ನಾವು ಮೇಲೆ ಕೈಯಾರೆ ಮಾಡಿದ ಅಳಿಸುವಿಕೆಯನ್ನು ಇಂಥ ಮಾದರಿಯು ದತ್ತಾಂಶದಿಂದಲೇ ಕಲಿಯುತ್ತದೆ.

ಆದರೆ ಕಲಿಯುವುದು ಯಾವ ದತ್ತಾಂಶದಿಂದ ಎಂಬ ಪ್ರಶ್ನೆ ಉಳಿಯುತ್ತದೆ. ಹಿಂದಿ ಪದದ ರೋಮನ್ ರೂಪಾಂತರಗಳನ್ನು ಬರೆದವರು ಹಿಂದಿ ಬಲ್ಲವರಾಗಿದ್ದರೆ, ಮಾದರಿಯು ಕಲಿಯುವುದು ಎರಡನೆಯ ಮತ್ತು ಮೂರನೆಯ ಜರಡಿಗಳನ್ನು ಮಾತ್ರ. ಮೊದಲನೆಯದು ಅದಕ್ಕೆ ಕಾಣುವುದೇ ಇಲ್ಲ. ಹಿಂದಿ ಬಲ್ಲವನು `mein`, `main` ಎಂದು ಅದಲುಬದಲು ಮಾಡಿಯಾನು. ಆದರೆ ಪದವನ್ನು ತಾಳಕ್ಕೆ ಸರಿಯಾಗಿ ಒಡೆಯಲಾರ. ಬಂಗಾಳಿ ಬಲ್ಲವನು `lokkhi` ಎಂದಾನು. ಕನ್ನಡಿಗನಂತೆ ಮಹಾಪ್ರಾಣವನ್ನು ಕಳೆದು `lokki` ಎನ್ನುವುದು ಅಪರೂಪ. ಕನ್ನಡಿಗರ ಆಡುಮಾತಿನಲ್ಲಿ ಮಹಾಪ್ರಾಣ ಸಡಿಲವಾಗಿರುವುದು ಈ ರೂಪಕ್ಕೆ ಕಾರಣ. ಅದು ಬಂಗಾಳಿಯ ಗುಣವಲ್ಲ, ಕೇಳುಗನ ಗುಣ.

ಕೇಳುಗನ ಭಾಷೆಯನ್ನು ಹುಡುಕುಸಾಲಿನಿಂದಲೇ ಬಹುಮಟ್ಟಿಗೆ ಊಹಿಸಬಹುದು ಎಂಬುದು ಇಲ್ಲಿನ ಆಶಾದಾಯಕ ಅಂಶ. ಮೇಲಿನ ಮೂರನೆಯ ರೂಪದಲ್ಲಿ ದಂತ್ಯ-ಮೂರ್ಧನ್ಯ ಎರಡಕ್ಕೂ `t` ಬಂದಿದೆ, ಪದಮಧ್ಯದ ಅಕಾರ ಹೋಗಿದೆ, ದ್ವಿತ್ವ ಎಲ್ಲಿಯೂ ಇಲ್ಲ. ಈ ಮೂರೂ ಕೂಡಿದರೆ ಬರೆದವನು ಉತ್ತರದವನು ಎಂಬ ಊಹೆ ಬಲಗೊಳ್ಳುತ್ತದೆ. ಆಗ `e` ಎಂಬುದನ್ನು ಎ, ಏ ಎರಡಾಗಿಯೂ ತೆರೆದಿಡಬೇಕು, ವ್ಯಂಜನಗಳ ನಡುವೆ ಬಿದ್ದ ಅಕಾರವನ್ನು ಮರಳಿ ಸೇರಿಸಿ ನೋಡಬೇಕು. ಅದೇ ಸಾಲು `thandhenamma` ಎಂದು ಮುಗಿದಿದ್ದರೆ ಆ ಎರಡೂ ಕ್ರಮಗಳು ಅನವಶ್ಯಕವಷ್ಟೇ ಅಲ್ಲ, ಹಾನಿಕರ. ದಕ್ಷಿಣದ ಕೇಳುಗನು ಕೇಳಿ ಉಳಿಸಿಕೊಂಡ ಭೇದವನ್ನು ನಾವು ಅಳಿಸಿದಂತಾಗುತ್ತದೆ.

6. ಸಮಾರೋಪ

ಮೇಲಿನ ಚರಿತ್ರೆಯಲ್ಲಿ ಪ್ರತಿಯೊಂದು ಘಟ್ಟವೂ ಒಂದು ಕಲ್ಪನೆಯನ್ನು ಮುಂದಿಟ್ಟುಕೊಂಡಿತ್ತು. ಲಿಪ್ಯಂತರ ಪದ್ಧತಿಗಳು ಬರೆಯುವವನಿಗೆ ಲಿಪಿ ಗೊತ್ತೆಂದು ಭಾವಿಸಿದವು. ಸೌಂಡೆಕ್ಸ್ ಪದದ ಗಡಿ ಗೊತ್ತೆಂದು ಭಾವಿಸಿತು. ಭಾಷೆ ಬಲ್ಲವರ ಬರಹದಿಂದ ಕಲಿತ ಮಾದರಿಗಳು ಕೇಳುಗನಿಗೆ ಹಾಡಿನ ಭಾಷೆ ಗೊತ್ತೆಂದು ಭಾವಿಸುತ್ತವೆ. ಅನ್ಯಭಾಷೆಯ ಕೇಳುಗನ ವಿಷಯದಲ್ಲಿ ಈ ಮೂರೂ ಸಲ್ಲುವುದಿಲ್ಲ.

ಇದರ ಪರಿಣಾಮ ಹುಡುಕಾಟದ ಸೋಲಿಗಷ್ಟೇ ನಿಲ್ಲುವುದಿಲ್ಲ. ಹಾಡು ಸಿಗದೆ ಹೋದ ಹುಡುಕುಸಾಲುಗಳನ್ನು ಕಸವೆಂದು ತೆಗೆದುಹಾಕಿ, ಸಿಕ್ಕವುಗಳಿಂದಲೇ ಮುಂದಿನ ಮಾದರಿಯನ್ನು ಕಲಿಸಿದರೆ ಭಾಷೆ ಬಲ್ಲವರ ಕಾಗುಣಿತವೇ ಮತ್ತೆ ಮತ್ತೆ ಬಲಗೊಳ್ಳುತ್ತದೆ. ತೆಗೆದುಹಾಕಿದ ಆ ಸಾಲುಗಳಲ್ಲಿ ಇರುವುದಾದರೂ ಏನು? ಒಂದು ಭಾಷೆಯ ಕಿವಿ ಇನ್ನೊಂದು ಭಾಷೆಯ ಧ್ವನಿಗಳನ್ನು ಹೇಗೆ ವಿಂಗಡಿಸಿತು, ಗೊತ್ತಿಲ್ಲದ ಮಾತಿನಲ್ಲಿ ಪದದ ಗಡಿಯನ್ನು ಎಲ್ಲಿ ಎಳೆಯಿತು ಎಂಬುದರ ಲಿಖಿತ ಸಾಕ್ಷ್ಯ. ಧ್ವನಿಗ್ರಹಿಕೆಯ ಅಧ್ಯಯನಕ್ಕೆ ಪ್ರಯೋಗಶಾಲೆಯಲ್ಲಿ ಕಷ್ಟಪಟ್ಟು ಪಡೆಯಬೇಕಾದ ಸಾಕ್ಷ್ಯ ಇಲ್ಲಿ ಸಹಜವಾಗಿಯೇ ಒದಗಿರುತ್ತದೆ, ಮೂರನೆಯ ಜರಡಿಯ ಮಬ್ಬನ್ನು ಕಳೆದು ನೋಡಬೇಕು ಎಂಬ ಒಂದೇ ಷರತ್ತಿನೊಡನೆ. ಸೋತ ಹುಡುಕುಸಾಲನ್ನು ಕೇಳುಗನ ಭಾಷೆಯ ಗುರುತಿನೊಂದಿಗೆ ಕಾಪಿಡುವುದು ಸಂಗ್ರಹಕಾರರು ಈಗ ಕೈಗೊಳ್ಳಬಹುದಾದ ಕೆಲಸ. `lokki` ಎಂದು ಬರೆದವನು ಕನ್ನಡಿಗನೆಂದು ತಿಳಿದರೆ, ಅವನನ್ನು `lakshmi`ಯ ಬಾಗಿಲಿಗೆ ಕರೆದೊಯ್ಯುವ ನಿಯಮವನ್ನು ಬರೆಯುವುದು ಕಠಿಣವಲ್ಲ.